ಹೋಸ್ಟ್ ನಿರ್ವಹಣೆಯ ನಂತರ ನಮ್ಮ ಸರ್ವರ್‌ನ ಗಡಿಯಾರ ಆರು ಗಂಟೆ ಇಪ್ಪತ್ತು ನಿಮಿಷ ಹಿಂದೆ ಉಳಿದ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು, ಗ್ರಾಹಕ ಸೇವಾ ವಿಭಾಗ

ವಿಷಯ: ನಿರ್ವಹಣೆಗಾಗಿ ನಿಲ್ಲಿಸಿ ಮತ್ತೆ ಚಾಲನೆಗೆ ತಂದ ವರ್ಚುವಲ್ ಸರ್ವರ್‌ನ ಸಮಯವನ್ನು ಸರಿಪಡಿಸದೆ ಬಿಟ್ಟದ್ದು ಮತ್ತು ನಿಮ್ಮ ಸಹಾಯವಾಣಿ ಕೊಟ್ಟ ತಪ್ಪು ಸಲಹೆ.

ಮಾನ್ಯರೇ,

ನಾನು ಒಂದು ಹಾಲು ಉತ್ಪಾದಕರ ಸಹಕಾರ ಸಂಘದ ಗಣಕ ವ್ಯವಸ್ಥೆಯನ್ನು ನೋಡಿಕೊಳ್ಳುತ್ತೇನೆ. ಸದಸ್ಯರು ಬೆಳಿಗ್ಗೆ ಮತ್ತು ಸಂಜೆ ಹಾಕುವ ಹಾಲಿನ ಲೆಕ್ಕವೆಲ್ಲ ನಿಮ್ಮಿಂದ ಬಾಡಿಗೆಗೆ ಪಡೆದ ಲಿನಕ್ಸ್ ಸರ್ವರ್‌ನಲ್ಲಿ ನಡೆಯುತ್ತದೆ. ಕಳೆದ ಶುಕ್ರವಾರ ರಾತ್ರಿ ಆ ಸರ್ವರನ್ನು ಹೊತ್ತಿರುವ ನಿಮ್ಮ ಹೋಸ್ಟ್ ಯಂತ್ರದ ನಿರ್ವಹಣೆ ಇದೆ ಎಂದು ನೀವು ಮುಂಚಿತವಾಗಿಯೇ ತಿಳಿಸಿದ್ದಿರಿ. ರಾತ್ರಿ 10:40ಕ್ಕೆ ನಿಂತ ಸರ್ವರ್ ಶನಿವಾರ ಬೆಳಗಿನ 5 ಗಂಟೆಗೆ ಮತ್ತೆ ಓಡತೊಡಗಿತು. ನಿಲುಗಡೆಯ ಬಗ್ಗೆ ನನ್ನ ತಕರಾರಿಲ್ಲ. ಎದ್ದ ಮೇಲೆ ಅದು ಯಾವ ಗಂಟೆಯನ್ನು ನಂಬಿಕೊಂಡು ಕೆಲಸ ಮಾಡಿತು ಎಂಬುದರ ಬಗ್ಗೆ ಈ ದೂರು.

ನೀವು ಸರ್ವರನ್ನು ಆರಿಸಿ ಮತ್ತೆ ಬೂಟ್ ಮಾಡಲಿಲ್ಲ. ಅದರ ಮೆಮೊರಿಯನ್ನು ಇದ್ದ ಸ್ಥಿತಿಯಲ್ಲೇ ಡಿಸ್ಕ್‌ಗೆ ಉಳಿಸಿ, ಹೋಸ್ಟ್ ಮೇಲೆದ್ದ ನಂತರ ಅಲ್ಲಿಂದಲೇ ಮುಂದುವರಿಸಿದಿರಿ. ಸರ್ವರ್ ಎಷ್ಟು ಹೊತ್ತಿನಿಂದ ಓಡುತ್ತಿದೆ ಎಂದು ತೋರಿಸುವ `uptime` ಒಂದು ಕ್ಷಣವೂ ತುಂಡಾಗದೆ ಮುಂದುವರಿದಿರುವುದರಿಂದ ಇದು ಸ್ಪಷ್ಟ. ಹೀಗೆ ಮುಂದುವರಿಸಿದಾಗ ಒಳಗಿನ ಲಿನಕ್ಸ್‌ಗೆ ತಾನು ನಿಂತಿದ್ದೆ ಎಂಬುದೇ ತಿಳಿಯುವುದಿಲ್ಲ. ಉಳಿಸಿದ ಕ್ಷಣದ ಸಮಯದಿಂದಲೇ ಅದು ಎಣಿಸುತ್ತ ಹೋಗುತ್ತದೆ. ಹಾಗಾಗಿ ಹೊರಗೆ ಶನಿವಾರ ಬೆಳಗಿನ 5 ಆಗಿದ್ದಾಗ ನಮ್ಮ ಸರ್ವರ್‌ಗೆ ಇನ್ನೂ ಶುಕ್ರವಾರ ರಾತ್ರಿ 10:40.

ನಮ್ಮಲ್ಲಿ ಹಾಲು ಅಳೆಯುವುದು ಬೆಳಿಗ್ಗೆ 6ಕ್ಕೆ ಶುರುವಾಗುತ್ತದೆ. ಪಾಳಿ ಬೆಳಗಿನದೋ ಸಂಜೆಯದೋ ಎಂಬುದನ್ನು ತಂತ್ರಾಂಶ ಸರ್ವರ್‌ನ ಗಡಿಯಾರ ನೋಡಿ ನಿರ್ಧರಿಸುತ್ತದೆ. ಅಂದು ಮೊದಲ ಕಾಲು ಗಂಟೆಯಲ್ಲಿ ಹಾಲು ಹಾಕಿದ 31 ಸದಸ್ಯರ ಲೆಕ್ಕ ಶುಕ್ರವಾರ ಸಂಜೆಯ ಪಾಳಿಗೆ ಸೇರಿತು. ಅವರಲ್ಲಿ 26 ಜನ ಶುಕ್ರವಾರ ಸಂಜೆಯೂ ಹಾಲು ಹಾಕಿದ್ದರು. ಹೊಸ ನಮೂದನ್ನು ತಂತ್ರಾಂಶ ತಿದ್ದುಪಡಿ ಎಂದು ತಿಳಿದು ಹಳೆಯದರ ಮೇಲೆ ಬರೆದುಬಿಟ್ಟಿತು. ಒಬ್ಬ ತಾಯಿ ಸ್ಲಿಪ್ ಹಿಡಿದು ವಾಪಸು ಬಂದು, "ನೆನ್ನೆ ಸಾಯಂಕಾಲ ನಾನು ಹಾಕಿದ್ದು ಏಳೂವರೆ ಲೀಟರ್, ಇದರಲ್ಲಿ ಒಂಬತ್ತು ಅಂತ ಬಂದದೆ, ಇವತ್ತಿಂದು ಎಲ್ಲೋಯ್ತು?" ಎಂದು ಕೇಳಿದ ಮೇಲೆಯೇ ಕಾರ್ಯದರ್ಶಿಗಳಿಗೆ ವಿಷಯ ಗೊತ್ತಾದದ್ದು. ಅವರು ಕೇಳದೇ ಹೋಗಿದ್ದರೆ ಆ 26 ಮನೆಗಳಿಗೆ ಒಂದು ಹೊತ್ತಿನ ಹಾಲಿನ ಹಣ ಸದ್ದಿಲ್ಲದೆ ಕೈತಪ್ಪುತ್ತಿತ್ತು.

ಕಾರ್ಯದರ್ಶಿಗಳ ಕರೆ ಬಂದ ಕೂಡಲೇ ನಾನು ಸರ್ವರ್‌ಗೆ ಲಾಗಿನ್ ಆಗಲು ನೋಡಿದೆ. ಮೊಬೈಲ್ ತೋರಿಸುವ ಆರಂಕಿಯ ಸಂಕೇತವನ್ನು ಸರ್ವರ್ ಮೂರು ಸಲವೂ ತಿರಸ್ಕರಿಸಿತು. ಆ ಸಂಕೇತ 30 ಸೆಕೆಂಡಿಗೊಮ್ಮೆ ಬದಲಾಗುವಂಥದ್ದು, ಎರಡೂ ಕಡೆಯ ಗಡಿಯಾರ ಹೊಂದದಿದ್ದರೆ ನಡೆಯುವುದಿಲ್ಲ. ಕೊನೆಗೆ ನಿಮ್ಮ ಕನ್ಸೋಲ್ ಮೂಲಕ ಒಳಹೊಕ್ಕು ಬೆಳಿಗ್ಗೆ 7:30ಕ್ಕೆ, ಎನ್‌ಟಿಪಿ ಮೂಲಕ ಜಾಲದಿಂದ ಸಮಯ ಪಡೆದು ಸರ್ವರ್‌ನ ಗಡಿಯಾರ ಹೊಂದಿಸುವ ಕ್ರೋನಿಗೆ `chronyc tracking` ಆಜ್ಞೆ ಕೊಟ್ಟಾಗ ಕಂಡದ್ದು ಇದು:

```
System time     : 22110.427734375 seconds slow of NTP time
```

ಅಂದರೆ ಆಗಲೂ ಆರು ಗಂಟೆ ಎಂಟು ನಿಮಿಷಕ್ಕೂ ಹೆಚ್ಚು ಹಿಂದೆ. ಇದನ್ನು ಓದಿ ಹೇಳಿದಾಗ ನಿಮ್ಮ ಸಹಾಯವಾಣಿಯ ಸಿಬ್ಬಂದಿ, "ಎನ್‌ಟಿಪಿ ಓಡುತ್ತಿದೆ ಸರ್, ತಾನಾಗಿಯೇ ಸರಿಹೋಗುತ್ತದೆ, ಕಾಯಿರಿ" ಎಂದು ಹೇಳಿ ದೂರನ್ನು ಮುಗಿಸಿದರು. ತಾನಾಗಿಯೇ ಸರಿಹೋಗುವುದು ನಿಜ, ಆದರೆ ಯಾವಾಗ ಎಂಬ ಲೆಕ್ಕವನ್ನು ಅವರು ಹಾಕಲಿಲ್ಲ. ನಿಮ್ಮದೇ ಇಮೇಜ್‌ನಲ್ಲಿ ಬಂದ ಕ್ರೋನಿಯ ಸಂರಚನೆಯಲ್ಲಿ `makestep 1.0 3` ಎಂಬ ಸಾಲಿದೆ. ಒಂದು ಸೆಕೆಂಡಿಗಿಂತ ಹೆಚ್ಚಿನ ವ್ಯತ್ಯಾಸವಿದ್ದರೆ ಗಡಿಯಾರವನ್ನು ಒಮ್ಮೆಲೇ ಜಿಗಿಸಬಹುದು, ಆದರೆ ಕ್ರೋನಿ ಶುರುವಾದ ಮೇಲಿನ ಮೊದಲ ಮೂರು ತಿದ್ದುಪಡಿಗಳಲ್ಲಿ ಮಾತ್ರ ಎಂದು ಅದರ ಅರ್ಥ. ಮೆಮೊರಿಯೊಂದಿಗೆ ಮರಳಿ ಬಂದ ಸರ್ವರ್‌ನಲ್ಲಿ ಕ್ರೋನಿಯೂ ಹಳೆಯದೇ; ಆ ಮೂರು ಅವಕಾಶಗಳು ತಿಂಗಳುಗಳ ಹಿಂದೆಯೇ ಮುಗಿದಿದ್ದವು. ಆದ್ದರಿಂದ ಅದು ಗಡಿಯಾರವನ್ನು ಜಿಗಿಸದೆ ಸ್ವಲ್ಪ ವೇಗವಾಗಿ ಓಡಿಸುವುದಕ್ಕೆ ತೊಡಗಿತು. ಲಿನಕ್ಸ್‌ನಲ್ಲಿ ಅದರ ಗರಿಷ್ಠ ವೇಗ ಹನ್ನೆರಡರಲ್ಲಿ ಒಂದು ಪಾಲು, ಅಂದರೆ ಒಂದು ಸೆಕೆಂಡನ್ನು ತುಂಬಿಸಲು ಹನ್ನೆರಡು ಸೆಕೆಂಡು ಬೇಕು. ನಮಗೆ ತುಂಬಬೇಕಾಗಿದ್ದದ್ದು 22,800 ಸೆಕೆಂಡು. ಹನ್ನೆರಡರಿಂದ ಗುಣಿಸಿದರೆ 76 ಗಂಟೆ. ಸಹಾಯವಾಣಿಯ ಮಾತು ಕೇಳಿ ಕಾದಿದ್ದರೆ ಮಂಗಳವಾರ ಬೆಳಿಗ್ಗೆ ಒಂಬತ್ತು ದಾಟುವವರೆಗೆ ನಮ್ಮ ಪ್ರತಿಯೊಂದು ಸ್ಲಿಪ್ಪಿನಲ್ಲೂ ತಪ್ಪು ಸಮಯವಿರುತ್ತಿತ್ತು. ಶನಿವಾರ ಸಂಜೆ ಐದಕ್ಕೆ ಸರ್ವರ್‌ನ ಗಡಿಯಾರ ಇನ್ನೂ ಮಧ್ಯಾಹ್ನದ ಹನ್ನೆರಡನ್ನೂ ಮುಟ್ಟಿರುತ್ತಿರಲಿಲ್ಲ, ಸಂಜೆಯ ಹಾಲು ಬೆಳಗಿನ ಪಾಳಿಯನ್ನು ಅಳಿಸಿಹಾಕುತ್ತಿತ್ತು.

ಹಾಗಾಗಿ ಹಾಲು ಅಳೆಯುವುದನ್ನು ನಿಲ್ಲಿಸಿ, `chronyc makestep` ಎಂಬ ಒಂದೇ ಆಜ್ಞೆಯಿಂದ ನಾನೇ ಸಮಯ ಸರಿಪಡಿಸಿದೆ. ಫೋನಿನಲ್ಲಿ ಹೇಳಬಹುದಾಗಿದ್ದ ಪರಿಹಾರ ಇಷ್ಟೇ. ಮುಂದೆ ಯಾವಾಗ ಬೇಕಾದರೂ ಜಿಗಿಸಲು ಅನುಮತಿ ಇರಲೆಂದು ಸಂರಚನೆಯನ್ನು `makestep 1.0 -1` ಎಂದು ಬದಲಿಸಿದ್ದೇನೆ. ಅದು ನನ್ನ ಪಾಲಿನ ಕೆಲಸ, ಮೊದಲೇ ಮಾಡಬೇಕಿತ್ತು ಎಂದು ಒಪ್ಪಿಕೊಳ್ಳುತ್ತೇನೆ. ಆದರೆ ಅಷ್ಟೇ ಸಾಲದು. ಬಹಳ ದಿನ ಸ್ಥಿರವಾಗಿ ಓಡಿದ ಕ್ರೋನಿ ಸಮಯದ ಮೂಲವನ್ನು ವಿಚಾರಿಸುವುದು 1024 ಸೆಕೆಂಡಿಗೊಮ್ಮೆ, ಅಂದರೆ ಹದಿನೇಳು ನಿಮಿಷಕ್ಕೊಮ್ಮೆ ಆಗಿರಬಹುದು. ಶನಿವಾರ ವ್ಯತ್ಯಾಸ ಅದರ ಗಮನಕ್ಕೆ ಬಂದದ್ದೇ 5:12ಕ್ಕೆ ಎಂದು ಲಾಗ್‌ನಿಂದ ಲೆಕ್ಕ ಸಿಗುತ್ತದೆ. ಅಷ್ಟು ನಿಮಿಷಗಳಲ್ಲಿ ನಮ್ಮಲ್ಲಿ ಮೂವತ್ತು ಜನರ ಹಾಲು ಅಳೆದು ಮುಗಿಯುತ್ತದೆ.

ಸರ್ವರನ್ನು ಎಬ್ಬಿಸಿದ ಕ್ಷಣ ಯಾವುದೆಂದು ಬಲ್ಲವರು ನೀವು ಮಾತ್ರ. ಬಾಡಿಗೆಗೆ ಕೊಡುವಾಗ, ಹೋಸ್ಟ್‌ನ ಆಜ್ಞೆಗಳನ್ನು ಸರ್ವರ್‌ನ ಒಳಗೆ ನಡೆಸುವ ಕ್ಯೂಇಎಂಯು ಗೆಸ್ಟ್ ಏಜೆಂಟ್ ಕಡ್ಡಾಯವೆಂದು ನೀವೇ ಹೇಳಿ ಹಾಕಿಸಿದ್ದೀರಿ, ಅದು ಇಂದಿಗೂ ಓಡುತ್ತಿದೆ. ಅದರ ಮೂಲಕ ಹೋಸ್ಟ್‌ನಿಂದ ಒಳಗಿನ ಸಮಯವನ್ನು ಸರಿಪಡಿಸಲು, ವರ್ಚುವಲ್ ಸರ್ವರ್‌ಗಳನ್ನು ನಿರ್ವಹಿಸುವ ಲಿಬ್‌ವರ್ಟ್‌ನಲ್ಲಿ ಇರುವುದು ಒಂದು ಸಾಲು:

```
virsh domtime <domain> --now
```

ಹೋಸ್ಟ್ ಮರುಚಾಲನೆಯ ವೇಳೆ ಗೆಸ್ಟ್‌ಗಳನ್ನು ಉಳಿಸಿ ಎಬ್ಬಿಸುವ `libvirt-guests` ಸೇವೆಯಲ್ಲಿ `SYNC_TIME=1` ಎಂಬ ಆಯ್ಕೆಯೂ ಇದೆ. ತಾನಾಗಿ ಅದು ಚಾಲೂ ಇರುವುದಿಲ್ಲ, ಹೋಸ್ಟ್ ನಡೆಸುವವರೇ ಹಾಕಬೇಕು.

ಆದ್ದರಿಂದ ನನ್ನ ಬೇಡಿಕೆಗಳು ಇವು. ನಿರ್ವಹಣೆಯ ನಂತರವಾಗಲಿ, ಮೆಮೊರಿ ಸಹಿತ ಸ್ನ್ಯಾಪ್‌ಶಾಟ್ ಮರುಸ್ಥಾಪನೆಯ ನಂತರವಾಗಲಿ, ಏಜೆಂಟ್ ಇರುವ ಎಲ್ಲ ಸರ್ವರ್‌ಗಳ ಸಮಯವನ್ನು ಎಬ್ಬಿಸಿದ ಕೂಡಲೇ ಹೋಸ್ಟ್‌ನಿಂದಲೇ ಸರಿಪಡಿಸಬೇಕು; ಅದಕ್ಕೂ ಮೊದಲು ಹೋಸ್ಟ್‌ನ ಗಡಿಯಾರ ಸರಿಯಿದೆಯೇ ಎಂದು ನೋಡಬೇಕು, ಇಲ್ಲವಾದರೆ ತಪ್ಪು ಸಮಯವೇ ಎಲ್ಲರಿಗೂ ಹರಡುತ್ತದೆ. ನಿರ್ವಹಣೆಯ ಸೂಚನೆಯಲ್ಲಿ ಸರ್ವರನ್ನು ಬೂಟ್ ಮಾಡುತ್ತೀರೋ ಉಳಿಸಿ ಎಬ್ಬಿಸುತ್ತೀರೋ ಎಂದು ಬಿಡಿಸಿ ಬರೆಯಬೇಕು. ಸಹಾಯವಾಣಿಯವರಿಗೆ "ಕಾಯಿರಿ" ಎನ್ನುವ ಮೊದಲು ವ್ಯತ್ಯಾಸವನ್ನು ಹನ್ನೆರಡರಿಂದ ಗುಣಿಸಿ ನೋಡುವಂತೆ ತಿಳಿಸಬೇಕು.

26 ಸದಸ್ಯರ ಶುಕ್ರವಾರ ಸಂಜೆಯ ಲೆಕ್ಕವನ್ನು ಅವರ ಕೈಯಲ್ಲಿದ್ದ ಸ್ಲಿಪ್ಪುಗಳಿಂದ ಮರಳಿ ಕೂಡಿಸುತ್ತಿದ್ದೇವೆ. ನಾಲ್ವರ ಸ್ಲಿಪ್ ಇನ್ನೂ ಸಿಕ್ಕಿಲ್ಲ. ಶುಕ್ರವಾರ ರಾತ್ರಿ ನಮ್ಮ ಸರ್ವರನ್ನು ಉಳಿಸಿದ ಮತ್ತು ಎಬ್ಬಿಸಿದ ನಿಖರ ಸಮಯವನ್ನು ನಿಮ್ಮ ಹೋಸ್ಟ್ ಲಾಗ್‌ನಿಂದ ತೆಗೆದು ಲಿಖಿತವಾಗಿ ಕೊಡಿ. ಆಡಳಿತ ಮಂಡಳಿಯ ಮುಂದೆ ಇಡಲು ಅದು ನಮಗೆ ಏಳು ದಿನಗಳೊಳಗೆ ಬೇಕು.

ಇಂತಿ ತಮ್ಮ ವಿಶ್ವಾಸಿ,
ಗಣಕ ವ್ಯವಸ್ಥೆಯ ಉಸ್ತುವಾರಿ,
ಹಾಲು ಉತ್ಪಾದಕರ ಸಹಕಾರ ಸಂಘದ ಪರವಾಗಿ