ಕುರ್ಚಿಯ ಕಾಲು ಮೊದಲು ನಮಗೆ ಕಾಣಲಿ

ಪ್ರೀತಿಯ ತಮ್ಮ,

ನಿನ್ನ ಮೂಕಿ ಸಿನಿಮಾದ ಸ್ಕ್ರಿಪ್ಟ್ ಎರಡು ಸಲ ಓದಿದೆ. ಇಂಟರ್‌ವ್ಯೂಗೆ ಬಂದವನು ಕುರ್ಚಿಯಲ್ಲಿ ಕೂರುತ್ತಾನೆ, ಕಾಲು ಕಳಚಿಕೊಳ್ಳುತ್ತದೆ, ಧೊಪ್ಪನೆ ಬೀಳುತ್ತಾನೆ. ಕುರ್ಚಿ ಒಳ್ಳೆಯ ಆಯ್ಕೆ. ಆದರೆ ಅದು ಮುರಿದದ್ದು ಅಂತ ಅವನಿಗೂ ನಮಗೂ ಒಟ್ಟಿಗೇ ಗೊತ್ತಾಗುತ್ತೆ, ಹಾಗಾಗಿ ಒಂದು ನಗು ಬಂದು ಮುಗಿದುಹೋಗುತ್ತೆ.

ಮೊದಲ ದೃಶ್ಯದಲ್ಲೇ ನಮಗೆ ಹೇಳಿಬಿಡು. ಗುಡಿಸುವವಳು ಕುರ್ಚಿ ಸರಿಸುತ್ತಾಳೆ, ಕಾಲು ಕೈಗೇ ಬರುತ್ತೆ. ಅತ್ತಿತ್ತ ನೋಡಿ, ಅದನ್ನು ಮೆಲ್ಲಗೆ ಸಿಕ್ಕಿಸಿ ಹೊರಟುಬಿಡುತ್ತಾಳೆ. ಈಗ ಗುಟ್ಟು ನಮ್ಮದು. ಅವನು ಕೂರಲು ಬಗ್ಗುತ್ತಾನೆ, ಫೈಲಿನಿಂದ ಹಾಳೆಗಳು ಜಾರುತ್ತವೆ, ಎದ್ದು ಆರಿಸಿಕೊಳ್ಳುತ್ತಾನೆ. ಮತ್ತೆ ಬಗ್ಗುತ್ತಾನೆ, ಒಬ್ಬ ಹಿರಿಯರು ಒಳಗೆ ಬರುತ್ತಾರೆ. ಇವನು ಪಾಪ, ಮರ್ಯಾದಸ್ಥ, ಕುರ್ಚಿ ತೋರಿಸುತ್ತಾನೆ. ಅವರು ಬೇಡ ಅಂತ ಕೈಯಾಡಿಸುತ್ತಾರೆ, ಇವನು ಬಿಡುವುದಿಲ್ಲ. ಇಲ್ಲಿ ಅವಸರ ಮಾಡಬೇಡ, ಸ್ವಲ್ಪ ಎಳೆದಾಡಿಸು.

ಮೂರನೇ ಸಲ ಬೀಳಿಸಬೇಡ. ಜನ ಕಾಯುತ್ತಿರುವುದೇ ಅದಕ್ಕೆ, ಅಲ್ವಾ? ಹಿರಿಯರು ಸೋತು ನಕ್ಕು, ಕುರ್ಚಿಯನ್ನೇ ಎತ್ತಿಕೊಂಡು ಇಂಟರ್‌ವ್ಯೂ ಕೋಣೆಗೆ ಹೋಗುತ್ತಾರೆ. ಬಾಗಿಲು ಮುಚ್ಚುತ್ತೆ. ನೆಲದ ಮೇಲೆ ಕಾಲೊಂದು ಬಿದ್ದಿದೆ. ಇವನು ಕಾಲು ನೋಡುತ್ತಾನೆ, ಬಾಗಿಲು ನೋಡುತ್ತಾನೆ. ಎರಡು ಸೆಕೆಂಡು ಅಲ್ಲಾಡಬಾರದು, ಸ್ಕ್ರಿಪ್ಟಲ್ಲಿ ಹಾಗೇ ಬರಿ. ಆ ಎರಡು ಸೆಕೆಂಡಲ್ಲಿ ಲೆಕ್ಕ ಹಾಕುವುದು ಪ್ರೇಕ್ಷಕ. ಅವನ ಕೆಲಸವನ್ನು ನೀನು ಮಾಡಬೇಡ.

‘ಅವನಿಗೆ ಹಿಂದಿನ ಸೋಲುಗಳು ನೆನಪಾದವು’ ಅಂತ ಬರೆದಿದ್ದೀಯಲ್ಲ, ಅದನ್ನು ಕ್ಯಾಮೆರಾ ಹೇಗೆ ನೋಡಬೇಕು? ಫೈಲಿನೊಳಗೆ ಒಂದೇ ಬಗೆಯ ಆರೇಳು ಪತ್ರಗಳು, ಎಲ್ಲದರ ಮೇಲೂ ಕೆಂಪು ಸೀಲು. ಹಾಳೆ ಜಾರುವ ಗ್ಯಾಗ್ ಹೇಗೂ ಇದೆ, ಆಗಲೇ ಅವು ನೆಲದ ಮೇಲೆ ಹರಡಿಕೊಳ್ಳಲಿ. ಬೇರೆ ಶಾಟ್ ಬೇಡ.

ಇನ್ನೊಂದು, ಬಗ್ಗುವಾಗೆಲ್ಲ ಕ್ಲೋಸಪ್ ಕೇಳಿದ್ದೀಯ. ಬೇಡ. ಅವನೂ ಸಡಿಲ ಕಾಲೂ ಒಂದೇ ಫ್ರೇಮಲ್ಲಿ ಇದ್ದರೆ ಮಾತ್ರ ಎದೆ ಧಸಕ್ ಅನ್ನುತ್ತೆ. ಕತ್ತರಿಸಿ ತೋರಿಸಿದರೆ ಎಡಿಟಿಂಗಲ್ಲಿ ಏನೋ ಮಾಡಿದ್ದಾರೆ ಅಂದುಕೊಳ್ಳುತ್ತಾರೆ. ಕ್ಲೋಸಪ್ ಒಂದೇ ಸಾಕು, ನೆಲದ ಮೇಲಿನ ಕಾಲಿಗೆ.

ಪುಟಕ್ಕೆ ಒಂದು ನಿಮಿಷ ಅನ್ನುವ ಲೆಕ್ಕವನ್ನೂ ಇಲ್ಲಿ ನಂಬಬೇಡ, ಅದು ಮಾತಿರುವ ಸಿನಿಮಾಗೆ. ‘ಇಬ್ಬರೂ ಕುರ್ಚಿಗಾಗಿ ಒತ್ತಾಯ ಮಾಡಿಕೊಳ್ಳುತ್ತಾರೆ’ ಅನ್ನುವುದು ಒಂದೇ ಸಾಲು, ಮಾಡಿ ನೋಡಿದರೆ ಮುಕ್ಕಾಲು ನಿಮಿಷ ನುಂಗಬಹುದು. ನಾನೂ ಒಮ್ಮೆ ನಾಲ್ಕು ಪುಟ ಬರೆದು ನಾಲ್ಕು ನಿಮಿಷ ಅಂದುಕೊಂಡಿದ್ದೆ, ಒಂಬತ್ತಾಯಿತು, ಎಡಿಟರ್ ಹತ್ತಿರ ಬೈಸಿಕೊಂಡೆ. ಮನೆಯಲ್ಲಿ ಒಂದು ಕುರ್ಚಿ ಇಟ್ಟುಕೊಂಡು, ಫೋನಿನ ಸ್ಟಾಪ್‌ವಾಚ್ ಹಾಕಿ, ನೀನೇ ಎಲ್ಲ ಪಾತ್ರ ಮಾಡು. ಎಲ್ಲಿ ನಿನಗೇ ಬೇಜಾರಾಯಿತೋ ಆ ಸಾಲನ್ನು ಹೊಡೆದುಹಾಕು.

ಕೊನೆಗೆ ಅವನು ಆ ಕಾಲನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ಒಳಗೆ ಹೋಗುತ್ತಾನಾ, ಫೈಲಿಗೆ ತುರುಕಿಕೊಂಡಾ? ನನಗೆ ಫೈಲೇ ಇಷ್ಟ, ಹೊರಗೆ ಅರ್ಧ ಇಣುಕುತ್ತಿರುತ್ತೆ. ಬರೆದು ಕಳಿಸು, ನೋಡೋಣ.

ನಿನ್ನ ಅಣ್ಣ