ಶಿಶುವಿಹಾರದ ಪೋಷಕರಿಗೆ: ಮಗುವಿನ ಮೊದಲ ಶೂ ಬಗ್ಗೆ

ಪ್ರಿಯ ಪೋಷಕರೇ,

ದೀಪಾವಳಿ ರಜೆ ಮುಗಿದು ಮಕ್ಕಳು ಮರಳಿ ಬಂದಿದ್ದಾರೆ. ಮಳೆಗಾಲವಿಡೀ ಒಳಗೇ ಆಡಿಕೊಂಡಿದ್ದ ನಮ್ಮ ಅತಿ ಚಿಕ್ಕವರನ್ನು, ಅಂದರೆ ಒಂದೂವರೆಯಿಂದ ಎರಡೂವರೆ ವರ್ಷದ ಮಕ್ಕಳನ್ನು, ಮುಂದಿನ ಸೋಮವಾರದಿಂದ ದಿನಕ್ಕೆ ಅರ್ಧ ಗಂಟೆ ಹೊರಗೆ ಅಂಗಳಕ್ಕೆ ಕರೆದುಕೊಂಡು ಹೋಗುತ್ತೇವೆ. ಅಂಗಳಕ್ಕೆ ಪೇವರ್ ಬ್ಲಾಕ್ ಹಾಸಿದೆ. ಬಿಸಿಲು ಏರಿದರೆ ಅದು ಕಾಯುತ್ತದೆ, ಕೆಲವು ಕಡೆ ಎದ್ದೂ ಬಂದಿದೆ. ಹಾಗಾಗಿ ಶೂ ಬೇಕು. ಹಬ್ಬಕ್ಕೆಂದು ನಿಮ್ಮಲ್ಲಿ ಅನೇಕರು ಹೊಸ ಶೂ ಕೊಡಿಸಿದ್ದೀರಿ. ಕಳೆದ ವಾರ ಬಾಗಿಲ ಬಳಿಯ ಕಪಾಟಿನಲ್ಲಿದ್ದ ಜೋಡಿಗಳನ್ನೆಲ್ಲ ಒಂದೊಂದಾಗಿ ಕೈಗೆತ್ತಿಕೊಂಡು ನೋಡಿದೆ. ಅದಕ್ಕೇ ಈ ಪತ್ರ.

ನನಗೆ ಹೆಚ್ಚಾಗಿ ಕಂಡದ್ದು ಬಿಗಿಯಾದ ಶೂಗಳಲ್ಲ, ದೊಡ್ಡ ಶೂಗಳು. ಒಂದು ಉದಾಹರಣೆ ಹೇಳುತ್ತೇನೆ. ಮಗುವಿನ ಮನೆಯವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

ಇಪ್ಪತ್ತು ತಿಂಗಳ ಒಬ್ಬ ಪುಟ್ಟ ತರಗತಿಯೊಳಗೆ ಬರಿಗಾಲಲ್ಲಿ ಚೆನ್ನಾಗಿಯೇ ಓಡಾಡುತ್ತಾನೆ. ಶೂ ಹಾಕಿದ ಕೂಡಲೇ ಅವನ ನಡಿಗೆಯೇ ಬೇರೆ. ಕಾಲೆತ್ತುವುದಿಲ್ಲ, ಎಳೆಯುತ್ತಾನೆ. ಗೇಟಿನಿಂದ ಬಾಗಿಲವರೆಗೆ ಬರುವಷ್ಟರಲ್ಲಿ ಎರಡು ಸಲ ಎಡವಿ ಬಿದ್ದ. ಅಜ್ಜಿಗೆ ಗಾಬರಿ: "ಟೀಚರ್, ಇವನ ಕಾಲಲ್ಲೇ ಏನಾದ್ರೂ ತೊಂದರೆ ಇದ್ಯಾ? ಡಾಕ್ಟರಿಗೆ ತೋರಿಸ್ಬೇಕಾ?" ಶೂ ಬಿಚ್ಚಿ ನೋಡಿದರೆ ಮುಂಭಾಗದಲ್ಲಿ ಹತ್ತಿಯ ಉಂಡೆ ತುರುಕಿತ್ತು. "ಬೆಳೆಯೋ ಮಗು ಅಲ್ವಾ, ಎರಡು ಸೈಜ್ ದೊಡ್ಡದೇ ಇರ್ಲಿ ಅಂತ ಅಂಗಡಿಯವನೂ ಹೇಳ್ದ" ಎಂದರು ಅಜ್ಜಿ. ಅವರು ಪ್ರೀತಿಯಿಂದಲೇ ಮಾಡಿದ್ದು. ಒಂದು ಜೋಡಿಗೆ ನೂರಾರು ರೂಪಾಯಿ ಕೊಡುವಾಗ ಯಾರಿಗಾದರೂ ಹಾಗೆ ಅನಿಸುತ್ತದೆ.

ಅಲ್ಲೇ ಕೂತು ಅಳತೆ ತೆಗೆದೆವು. ನೆಲದ ಮೇಲೆ ದಪ್ಪ ಕಾಗದ ಹಾಸಿ, ಹುಡುಗನನ್ನು ಎರಡೂ ಕಾಲ ಮೇಲೆ ನಿಲ್ಲಿಸಿ, ಹಿಮ್ಮಡಿಯನ್ನು ಗೋಡೆಗೆ ತಾಗಿಸಿದೆವು. ಅಜ್ಜಿ ಅವನ ಕೈ ಹಿಡಿದುಕೊಂಡರು. ನಾನು ಅತಿ ಉದ್ದದ ಬೆರಳಿನ ತುದಿಗೆ ಪೆನ್ಸಿಲ್ ಗುರುತು ಹಾಕಿದೆ. ಕೂರಿಸಿಕೊಂಡು ಅಳೆದರೆ ಸರಿಯಾದ ಅಳತೆ ಸಿಗುವುದಿಲ್ಲ, ಏಕೆಂದರೆ ಮೈಭಾರ ಬಿದ್ದಾಗ ಪಾದ ಹರಡಿಕೊಂಡು ಉದ್ದವಾಗುತ್ತದೆ. ಬಲಪಾದ 122 ಮಿಲಿಮೀಟರ್, ಎಡಪಾದ 125. ಎರಡು ಪಾದಗಳ ನಡುವೆ ಇಷ್ಟು ವ್ಯತ್ಯಾಸ ಇರುವುದು ಸಾಮಾನ್ಯ. ದೊಡ್ಡ ಪಾದವನ್ನೇ ಲೆಕ್ಕಕ್ಕೆ ಹಿಡಿಯಬೇಕು.

ಆಮೇಲೆ ಒಂದು ಬೆರಳಗಲದ ಕಾಗದದ ಪಟ್ಟಿಯನ್ನು ಶೂ ಒಳಗೆ ಹಿಮ್ಮಡಿಯಿಂದ ಮುಂತುದಿಯವರೆಗೆ ತಳ್ಳಿ ಒಳ ಉದ್ದ ಅಳೆದೆವು. 150 ಮಿಲಿಮೀಟರ್! ಬೆರಳುಗಳ ಮುಂದೆ 25 ಮಿಲಿಮೀಟರ್ ಖಾಲಿ. ಆ ಹತ್ತಿ ಕಾಲನ್ನು ಹಿಂದಕ್ಕೆ ಹಿಡಿದಿಟ್ಟಿರಲಿಲ್ಲ, ಅದೇ ಅದುಮಿಹೋಗಿ ಚಪ್ಪಟೆಯಾಗಿತ್ತು. ಹೆಜ್ಜೆ ಹಾಕಿದಾಗಲೆಲ್ಲ ಪಾದ ಮುಂದಕ್ಕೆ ಜಾರುತ್ತದೆ, ಹಿಮ್ಮಡಿ ಮೇಲೆದ್ದು ಬರುತ್ತದೆ, ಶೂ ಕಳಚದಂತೆ ಹಿಡಿದಿಡಲು ಮಗು ಬೆರಳುಗಳನ್ನು ಮಡಚಿಕೊಳ್ಳುತ್ತದೆ. ಬೆರಳಿನಿಂದ ಒಂದು ಅಂಗುಲ ಮುಂದೆ ಚಾಚಿಕೊಂಡ ಶೂ ತುದಿ ಎದ್ದ ಬ್ಲಾಕಿಗೆ ತಗಲುತ್ತದೆ. ಹುಡುಗ ಬಿದ್ದದ್ದಕ್ಕೆ ಕಾಲು ಕಾರಣವಲ್ಲ.

ಹಾಗಾದರೆ ಎಷ್ಟು ಜಾಗ ಬೇಕು? ನಿಂತಾಗಿನ ಪಾದಕ್ಕಿಂತ ಶೂ ಒಳಗಿನ ಉದ್ದ 10ರಿಂದ 13 ಮಿಲಿಮೀಟರ್ ಹೆಚ್ಚಿದ್ದರೆ ಸರಿ. ನಡೆಯುವಾಗ ಪಾದ ತುಸು ಮುಂದಕ್ಕೆ ಚಲಿಸುತ್ತದೆ, ಬೆರಳು ಚಾಚಿಕೊಳ್ಳುತ್ತದೆ. ಅದಕ್ಕೂ ಮುಂದಿನ ಕೆಲವು ತಿಂಗಳ ಬೆಳವಣಿಗೆಗೂ ಇಷ್ಟು ಸಾಕು. ಈ ವಯಸ್ಸಿನಲ್ಲಿ ಪಾದ ತಿಂಗಳಿಗೆ ಸುಮಾರು ಒಂದರಿಂದ ಒಂದೂವರೆ ಮಿಲಿಮೀಟರ್ ಬೆಳೆಯುತ್ತದೆ. ಅಂಗಡಿಯಲ್ಲಿ ಹೆಬ್ಬೆರಳಿನಿಂದ ಶೂ ತುದಿ ಒತ್ತಿ "ಜಾಗ ಇದೆ" ಎನ್ನುವುದನ್ನು ನಂಬಬೇಡಿ. ದೊಡ್ಡವರ ಹೆಬ್ಬೆರಳಗಲ ಈ ಪುಟ್ಟ ಶೂಗೆ ಬಹಳವಾಯಿತು. ಸಾಲದ್ದಕ್ಕೆ, ಮೇಲಿನಿಂದ ಒತ್ತಿದ ಕೂಡಲೇ ಮಕ್ಕಳು ಬೆರಳನ್ನು ಒಳಗೆ ಎಳೆದುಕೊಳ್ಳುತ್ತಾರೆ, ಆಗ ಇಲ್ಲದ ಜಾಗವೂ ಇದೆ ಎನಿಸುತ್ತದೆ. ಒಳಗಿನ ಮೆತ್ತೆ ಹೊರಬರುವ ಶೂ ಆದರೆ ಸುಲಭ. ಮೆತ್ತೆಯನ್ನು ತೆಗೆದು ನೆಲದ ಮೇಲಿಟ್ಟು ಅದರ ಮೇಲೆ ಮಗುವನ್ನು ನಿಲ್ಲಿಸಿದರೆ ಎಲ್ಲವೂ ಕಣ್ಣಿಗೇ ಕಾಣುತ್ತದೆ.

ಆ ಪುಟ್ಟನಿಗೆ ಬೇಕಾದದ್ದು 135ರಿಂದ 138 ಒಳ ಉದ್ದ. ಸಂಜೆ ಅವನ ಅಮ್ಮ ಡೊಂಬಿವಲಿ ಸ್ಟೇಷನ್ ಬಳಿಯ ಅಂಗಡಿಗೆ ಅದೇ ಕಾಗದದ ಪಟ್ಟಿಯನ್ನು 138ಕ್ಕೆ ಕತ್ತರಿಸಿ ತೆಗೆದುಕೊಂಡು ಹೋದರು. 21 ಎಂದು ಬರೆದಿದ್ದ ಒಂದು ಶೂ ಒಳಗೆ ಪಟ್ಟಿ ಸರಿಯಾಗಿ ಕೂತಿತು. ಬೇರೆ ಕಂಪನಿಯ 21ರಲ್ಲಿ ಪಟ್ಟಿ ಬಾಗಿತು, ಅಲ್ಲಿ ಒಳಗೆ 133 ಮಾತ್ರ ಇತ್ತು. ಸಂಖ್ಯೆಯನ್ನು ನೆಚ್ಚಬೇಡಿ ಎನ್ನುವುದು ಇದಕ್ಕೇ. ನಮ್ಮ ಅಂಗಡಿಗಳಲ್ಲಿ ಯುರೋಪಿನ ಸಂಖ್ಯೆಯೂ ಇಂಗ್ಲೆಂಡಿನ ಸಂಖ್ಯೆಯೂ ಬೆರೆತಿರುತ್ತವೆ. ಮೊದಲನೆಯದರಲ್ಲಿ ಒಂದು ಸೈಜ್ ಏರಿದರೆ ಆರೂಮುಕ್ಕಾಲು ಮಿಲಿಮೀಟರ್‌ನಷ್ಟು, ಎರಡನೆಯದರಲ್ಲಿ ಎಂಟೂವರೆಯಷ್ಟು ಹೆಚ್ಚುತ್ತದೆ. ಪಟ್ಟಿ ಪರ್ಸಿನಲ್ಲಿದ್ದರೆ ಈ ಗೊಂದಲವೇ ಇಲ್ಲ, ಮಗು ಮಲಗಿದ್ದರೂ ಶೂ ಆರಿಸಬಹುದು. ಕೊಳ್ಳುವ ಮೊದಲು ಮಾತ್ರ ಒಮ್ಮೆ ಹಾಕಿಸಿ ನಡೆಸಿ.

ಉದ್ದದಷ್ಟೇ ಅಗಲವನ್ನೂ ನೋಡಿ. ನಮ್ಮ ಪಾದ ಬೆರಳುಗಳ ಕಡೆಗೆ ಕಿರಿದಾಗುತ್ತದೆ, ಪುಟ್ಟ ಮಕ್ಕಳದು ಹಾಗಲ್ಲ. ಬೀಸಣಿಗೆಯ ಹಾಗೆ ಮುಂದೆಯೇ ಅಗಲ. ಪಾದದ ಗೆರೆ ಎಳೆದ ಕಾಗದವನ್ನು ಶೂ ತಳಕ್ಕೆ ಹಿಡಿದು ನೋಡಿ. ಬೆರಳುಗಳ ಗೆರೆ ಶೂವಿನ ಅಂಚನ್ನು ದಾಟಿದರೆ ಆ ಶೂ ಬೇಡ, ಎಷ್ಟೇ ಚೆಂದ ಇರಲಿ. ಮದುವೆ ಮುಂಜಿಗೆಂದು ತರುವ ಚೂಪು ಮೂತಿಯ ಮೋಜಡಿ, ಬೆಲ್ಲಿ ಶೂಗಳಲ್ಲಿ ಈ ತೊಂದರೆ ಜಾಸ್ತಿ. ಮಗು "ನೋಯುತ್ತದೆ" ಎಂದು ಹೇಳುವವರೆಗೆ ಕಾಯಬೇಡಿ. ಈ ವಯಸ್ಸಿನ ಪಾದದಲ್ಲಿ ಬಹುಪಾಲು ಮೃದ್ವಸ್ಥಿಯೇ ಇರುತ್ತದೆ, ಮೇಲೆ ಕೊಬ್ಬಿನ ಹೊದಿಕೆ. ಬಿಗಿಯಾದ ಶೂ ಒಳಗೆ ಅದು ಸುಮ್ಮನೆ ಮುದುಡಿಕೊಂಡುಬಿಡುತ್ತದೆ. ನಾವೇ ಹುಡುಕಿ ನೋಡಬೇಕು: ಶೂ ಬಿಚ್ಚಿದಾಗ ಕಿರುಬೆರಳ ಪಕ್ಕ, ಹಿಮ್ಮಡಿಯ ಹಿಂದೆ ಕೆಂಪು ಗುರುತು ಇದೆಯೇ, ಸ್ವಲ್ಪ ಹೊತ್ತಾದರೂ ಅದು ಮಾಯವಾಗಿಲ್ಲವೇ? ಸಾಕ್ಸ್ ಚಿಕ್ಕದಾದರೂ ಬೆರಳು ಮಡಚಿಕೊಳ್ಳುತ್ತದೆ, ಅದನ್ನೂ ಗಮನಿಸಿ.

ಈಗ ಬಾಗುವ ಗುಣ. ಶೂವಿನ ಹಿಮ್ಮಡಿ ಭಾಗವನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯ ಎರಡು ಬೆರಳಿನಿಂದ ಮುಂತುದಿಯನ್ನು ಮೇಲಕ್ಕೆ ತಳ್ಳಿ. ಶ್ರಮವಿಲ್ಲದೆ ಬಾಗಬೇಕು. ಎಲ್ಲಿ ಬಾಗುತ್ತದೆ ಎನ್ನುವುದೂ ಅಷ್ಟೇ ಮುಖ್ಯ. ನಾವು ಹೆಜ್ಜೆ ಎತ್ತುವಾಗ ಪಾದ ಮಡಚುವುದು ಬೆರಳುಗಳ ಬುಡದಲ್ಲಿ. ಶೂ ಕೂಡ ಅಲ್ಲೇ ಮಡಚಬೇಕು. ಅಂಗಾಲಿನ ಮಧ್ಯದಲ್ಲಿ ಎರಡಾಗಿ ಮಡಚಿದರೆ ಸರಿಯಲ್ಲ, ಎಲ್ಲೂ ಮಡಚದಿದ್ದರೆ ಇನ್ನೂ ಕೆಟ್ಟದ್ದು. ಗಟ್ಟಿ ಸೋಲ್ ಹಾಕಿದ ಮಗು ಇಡೀ ಪಾದವನ್ನು ಹಲಗೆಯ ಹಾಗೆ ಎತ್ತಿ ಇಡುತ್ತದೆ, ಧಪ್ ಧಪ್ ಸದ್ದು ಬರುತ್ತದೆ. ಈಗ ತಾನೇ ನಡಿಗೆ ಕಲಿತ ಮಗು ನೆಲವನ್ನು ಅಂಗಾಲಿನಿಂದ ಅರಿತುಕೊಂಡೇ ಸಮತೋಲ ಕಾಪಾಡಿಕೊಳ್ಳುತ್ತದೆ. ಹಾಗಾಗಿ ಸೋಲ್ ತೆಳ್ಳಗಿರಲಿ, ಚಪ್ಪಟೆಯಾಗಿರಲಿ, ತಳ ಜಾರದಿರಲಿ. ಒಳಗೆ ಕಮಾನಿಗೆ ಆಧಾರವೆಂದು ಉಬ್ಬು ಕೊಟ್ಟಿರುವ ಶೂಗೆ ಹೆಚ್ಚು ಹಣ ಕೊಡಬೇಕಿಲ್ಲ. ಈ ವಯಸ್ಸಿನ ಬಹುತೇಕ ಎಲ್ಲ ಮಕ್ಕಳ ಅಂಗಾಲೂ ಚಪ್ಪಟೆಯಾಗಿಯೇ ಕಾಣುತ್ತದೆ, ಕಮಾನು ಮೂಡುವುದು ಮುಂದಿನ ಕೆಲವು ವರ್ಷಗಳಲ್ಲಿ.

ತೂಕಕ್ಕೆ ಅಡುಗೆಮನೆಯ ತಕ್ಕಡಿ ಸಾಕು. ಆ ಪುಟ್ಟನ ಹಳೆಯ ಶೂ ಒಂದೊಂದೂ 140 ಗ್ರಾಂ. ಅವನ ತೂಕ 11 ಕಿಲೋ. 60 ಕಿಲೋ ತೂಗುವ ಅಮ್ಮನಿಗೆ ಇದೇ ಲೆಕ್ಕ ಹಾಕಿದರೆ ಒಂದೊಂದು ಕಾಲಿಗೂ ಮುಕ್ಕಾಲು ಕಿಲೋ ಕಟ್ಟಿಕೊಂಡು ಲೋಕಲ್ ಹಿಡಿಯಲು ಓಡಿದ ಹಾಗೆ. ಹೊಸದು 70 ಗ್ರಾಂ. ಈ ಅಳತೆಯ ಪಾದಕ್ಕೆ ಒಂದು ಶೂ 100 ಗ್ರಾಂ ದಾಟದಿರಲಿ ಎನ್ನುವುದು ನಾನು ಇಟ್ಟುಕೊಂಡಿರುವ ಲೆಕ್ಕ. ಲೈಟ್ ಮಿನುಗುವ ಶೂ, ಹೆಜ್ಜೆಗೊಮ್ಮೆ ಪೀಂ ಪೀಂ ಎನ್ನುವ ಶೂ ಇವುಗಳಲ್ಲಿ ಆ ಸಲಕರಣೆ ಇರುವುದು ಹಿಮ್ಮಡಿಯಲ್ಲಿ. ಅದನ್ನು ಕೂರಿಸಲೆಂದೇ ಸೋಲ್ ದಪ್ಪ ಮಾಡಿರುತ್ತಾರೆ. ಮಕ್ಕಳಿಗೆ ಆ ಸದ್ದು ಇಷ್ಟ, ನನಗೆ ಗೊತ್ತು. ಆದರೂ ಶಾಲೆಗೆ ಬೇಡ. ಗಮ್‌ಬೂಟು ಮಳೆ ನೀರಿಗೆ ಮಾತ್ರ ಇರಲಿ. ರಬ್ಬರಿನಂಥ ಮೆತ್ತನೆಯ ಕ್ಲಾಗ್ ಹಗುರವೇನೋ ಹೌದು, ಆದರೆ ಕಾಲಲ್ಲಿ ಭದ್ರವಾಗಿ ನಿಲ್ಲುವುದಿಲ್ಲ. ಮಾಲ್‌ನಲ್ಲಿ, ಸ್ಟೇಷನ್‌ನಲ್ಲಿ ಎಸ್ಕಲೇಟರ್ ಸಂದಿಗೆ ಅದು ಸಿಕ್ಕಿಕೊಳ್ಳುವ ಅಪಾಯವೂ ಇದೆ. ಅದನ್ನು ಹಾಕಿದ್ದರೆ ಮಗುವನ್ನು ಎತ್ತಿಕೊಂಡೇ ಎಸ್ಕಲೇಟರ್ ಹತ್ತಿ.

ಅಣ್ಣನದೋ ಅಕ್ಕನದೋ ಹಳೆಯ ಶೂ ಬಳಸಬಹುದೇ ಎಂದು ಇಬ್ಬರು ಕೇಳಿದ್ದೀರಿ. ಒಂದೆರಡು ಸಲ ಹಾಕಿ ಇಟ್ಟದ್ದಾದರೆ ಧಾರಾಳವಾಗಿ ಬಳಸಿ. ಸೋಲ್ ಒಂದು ಕಡೆ ಸವೆದಿದ್ದರೆ, ಒಳಗೆ ಬೆರಳುಗಳ ಗುಳಿ ಬಿದ್ದಿದ್ದರೆ ಬೇಡ. ಅದು ಇನ್ನೊಬ್ಬರ ಪಾದಕ್ಕೆ ಒಗ್ಗಿಹೋಗಿದೆ.

ಇನ್ನೂ ಗೋಡೆ, ಕುರ್ಚಿ ಹಿಡಿದು ನಡೆಯುತ್ತಿರುವ ಮಕ್ಕಳ ಪೋಷಕರು ಈಗಲೇ ಅವಸರ ಮಾಡಬೇಡಿ. ಆಸರೆಯಿಲ್ಲದೆ ನಡೆಯತೊಡಗಿ ಒಂದು ತಿಂಗಳಾದ ಮೇಲೆ ಕೊಂಡರೆ ಸಾಕು. ಅಲ್ಲಿಯವರೆಗೆ ಅವರು ಒಳಗೇ ಇರುತ್ತಾರೆ. ತರಗತಿಯೊಳಗೆ ಎಲ್ಲರೂ ಬರಿಗಾಲಲ್ಲೇ ಇರುವುದು, ಮನೆಯಲ್ಲೂ ಹಾಗೇ ಬಿಡಿ. ಹದಿನೆಂಟು ತಿಂಗಳು ತುಂಬಿದರೂ ನಡೆಯದಿದ್ದರೆ, ಬರಿಗಾಲಲ್ಲೂ ಒಂದೇ ಕಡೆಗೆ ಕುಂಟುತ್ತಿದ್ದರೆ, ಸದಾ ತುದಿಗಾಲಲ್ಲೇ ನಡೆಯುತ್ತಿದ್ದರೆ ಮಕ್ಕಳ ಡಾಕ್ಟರಿಗೆ ತೋರಿಸಿ. ಅದು ಶೂ ಬದಲಿಸಿ ಸರಿಮಾಡುವ ವಿಷಯವಲ್ಲ.

ಈ ಶನಿವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ನಾನೂ ಇಬ್ಬರು ಶಿಕ್ಷಕಿಯರೂ ತರಗತಿಯಲ್ಲಿ ಇರುತ್ತೇವೆ. ಮಗುವನ್ನೂ ಈಗಿರುವ ಶೂವನ್ನೂ ಕರೆತನ್ನಿ. ಪಾದ ಅಳೆದು, ನಿಮ್ಮ ಮಗುವಿಗೆ ಬೇಕಾದ ಉದ್ದಕ್ಕೆ ಪಟ್ಟಿ ಕತ್ತರಿಸಿ, ಮೇಲೆ ತಾರೀಕು ಬರೆದು ಕೊಡುತ್ತೇವೆ. ಶೂ ಹಾಕುವಾಗ ಹಿಮ್ಮಡಿಯನ್ನು ನೆಲಕ್ಕೆ ಮೆಲ್ಲಗೆ ತಟ್ಟಿ ಹಿಂದಕ್ಕೆ ಕೂರಿಸಿ ಆಮೇಲೆ ವೆಲ್ಕ್ರೋ ಬಿಗಿಯುವುದನ್ನೂ ತೋರಿಸುತ್ತೇವೆ. ಎರಡು ತಿಂಗಳಿಗೊಮ್ಮೆ ಮತ್ತೆ ಅಳೆಯುತ್ತೇವೆ. ಮುಂದಿನ ಜಾಗ 5 ಮಿಲಿಮೀಟರ್‌ಗೆ ಇಳಿದಾಗ ಡೈರಿಯಲ್ಲಿ ಚೀಟಿ ಬರುತ್ತದೆ. ಹಬ್ಬಕ್ಕೆ ತಂದ ಶೂ ಸ್ವಲ್ಪ ದೊಡ್ಡದಾಗಿದ್ದರೆ ಎಸೆಯಬೇಡಿ, ಪೆಟ್ಟಿಗೆಯಲ್ಲೇ ಎತ್ತಿಡಿ. ಅದು ಯಾವ ತಿಂಗಳಿಗೆ ಸರಿಹೋಗುತ್ತದೆ ಎನ್ನುವುದನ್ನೂ ಶನಿವಾರ ಲೆಕ್ಕ ಹಾಕಿ ಬರೆದುಕೊಡುತ್ತೇವೆ.

ಇತಿ ನಿಮ್ಮ ವಿಶ್ವಾಸದ,
ಮುಖ್ಯ ಶಿಕ್ಷಕಿ
ಶಿಶುವಿಹಾರ ವಿಭಾಗ, ಡೊಂಬಿವಲಿ