ಬೆಲೆ ಒಂದಕ್ಕೋ, ಜೊತೆಗೋ: ಇನ್ನು ಹೆಸರಿನಲ್ಲೇ ಬರೆದಿರುತ್ತದೆ

ಆತ್ಮೀಯ ಗ್ರಾಹಕರೇ,

ನಮಸ್ಕಾರ. ನಮ್ಮ ಆನ್‌ಲೈನ್ ಅಂಗಡಿಯಲ್ಲಿ ಪ್ರತಿ ಸಾಮಾನಿನ ಹೆಸರನ್ನೂ ಈ ತಿಂಗಳು ಬದಲಾಯಿಸುತ್ತಿದ್ದೇವೆ. ಸಾಮಾನು ಅದೇ, ಬೆಲೆಯೂ ಅದೇ. ಆ ಬೆಲೆಗೆ ಎಷ್ಟು ಪೀಸ್ ಬರುತ್ತವೆ ಅನ್ನುವುದು ಮಾತ್ರ ಇನ್ನು ಹೆಸರಿನ ಮೊದಲಲ್ಲೇ ಇರುತ್ತದೆ.

ಎಸ್‌.ಜೆ.ಪಿ. ರಸ್ತೆಯ ಕೌಂಟರಿಗೆ ಬಂದವರು "ಜೊತೆಗಾ ಸಾರ್, ಒಂದಕ್ಕಾ?" ಎಂದು ಕೇಳಿಯೇ ದುಡ್ಡು ಕೊಡುತ್ತಾರೆ. ಫೋನಿನಲ್ಲಿ ಆರ್ಡರ್ ಹಾಕುವವರಿಗೆ ಹಾಗೆ ಕೇಳುವ ಅವಕಾಶವಿಲ್ಲ. ಹಾರ್ಡ್‌ವೇರ್ ಸಾಮಾನಿನಲ್ಲಂತೂ ಎಣಿಸುವ ರೂಢಿ ಒಂದೊಂದಕ್ಕೆ ಒಂದೊಂದು ಥರ: ಡ್ರಾಯರ್ ಚಾನೆಲ್ ಜೊತೆ ಲೆಕ್ಕ, ಹ್ಯಾಂಡಲ್ ಪೀಸ್ ಲೆಕ್ಕ, ಸ್ಕ್ರೂ ಡಬ್ಬಿ ಲೆಕ್ಕ. ಆಟೋ ಹಿಂಜ್ ಮಾತ್ರ ಕೆಲವು ಕಡೆ ಒಂಟಿ, ಕೆಲವು ಕಡೆ ಜೊತೆ. ಹೆಚ್ಚು ಗೊಂದಲ ಆಗುವುದು ಅದರಲ್ಲೇ. ಹಾಗಾಗಿ ಅದನ್ನೇ ತೆಗೆದುಕೊಂಡು ಹೇಳುತ್ತೇನೆ.

ನಿಮ್ಮ ಮನೆಯ ವಾರ್ಡ್‌ರೋಬಿಗೆ ಐದಡಿಯ ಎರಡು ಬಾಗಿಲು ಇವೆ ಅಂದುಕೊಳ್ಳಿ. ಮೂರಡಿಯೊಳಗಿನ ಬಾಗಿಲಿಗೆ ಎರಡು ಹಿಂಜ್ ಸಾಕು, ಐದಡಿಯದಕ್ಕೆ ಮೂರು ಬೇಕು. ಬಾಗಿಲು ಭಾರವಾಗಿದ್ದರೆ ಇನ್ನೊಂದು ಹೆಚ್ಚು. ಆಚಾರಿ "ಆರು ಹಿಂಜ್ ತರಿಸಿ" ಅನ್ನುತ್ತಾರೆ. ಇಲ್ಲಿಯವರೆಗೆ ನಮ್ಮಲ್ಲಿ ಹೆಸರು ಇದ್ದದ್ದು ಹೀಗೆ: "ಆಟೋ ಹಿಂಜ್ ಸಾಫ್ಟ್ ಕ್ಲೋಸ್ 35 ಎಂಎಂ, ₹240". ಇದು ಜೊತೆಯ ಬೆಲೆ. ಆದರೆ ಆಚಾರಿ ಹೇಳಿದ ಹಾಗೆ ಆರು ಎಂದು ಒತ್ತಿದರೆ ಹನ್ನೆರಡು ಹಿಂಜ್ ಬಂದು ಇಳಿಯುತ್ತವೆ, ₹720 ಆಗಬೇಕಾದ ಬಿಲ್ಲು ₹1,440 ಆಗುತ್ತದೆ. ಹ್ಯಾಂಡಲಿನಲ್ಲಿ ಆಗುವುದು ಇದರ ಉಲ್ಟಾ. ಫೋಟೋದಲ್ಲಿ ಎರಡು ಕಾಣುತ್ತವೆ, ಬೆಲೆ ಒಂದರದ್ದು. ಹತ್ತು ಡ್ರಾಯರಿಗೆ ಐದು ಸಾಕೆಂದು ತರಿಸಿದವರ ಮನೆಯಲ್ಲಿ ಕೆಲಸ ಅರ್ಧಕ್ಕೆ ನಿಲ್ಲುತ್ತದೆ, ಆಚಾರಿಯ ಆ ದಿನದ ಕೂಲಿ ಅವರ ಮೈಮೇಲೆ ಬೀಳುತ್ತದೆ. ನಮ್ಮನ್ನು ಹೆಚ್ಚು ಕಾಡಿದ್ದು ಇದೇ, ಏಕೆಂದರೆ ಹೆಚ್ಚಾಗಿ ಬಂದದ್ದನ್ನು ವಾಪಸ್ ತೆಗೆದುಕೊಳ್ಳಬಹುದು, ಹಾಳಾದ ದಿನವನ್ನು ನಾವು ಕೊಡಲಾರೆವು.

ಇನ್ನು ಮೇಲೆ ಅದೇ ಹಿಂಜ್ ಹೀಗೆ ಕಾಣುತ್ತದೆ: "2 ಪೀಸ್ – ಆಟೋ ಹಿಂಜ್, ಸಾಫ್ಟ್ ಕ್ಲೋಸ್, 35 ಎಂಎಂ ಕಪ್". ಬೆಲೆಯ ಕೆಳಗೆ "ಒಂದು ಪೀಸಿಗೆ ₹120" ಎಂದೂ ಇರುತ್ತದೆ. ಎಣಿಕೆ ಮೊದಲೇ ಬರಲು ಕಾರಣವಿದೆ: ಫೋನಿನಲ್ಲಿ ಉದ್ದ ಹೆಸರು ಅರ್ಧಕ್ಕೆ ಕತ್ತರಿಸಿಹೋಗುತ್ತದೆ, ಕೊನೆಯಲ್ಲಿ ಬರೆದದ್ದು ಕಣ್ಣಿಗೇ ಬೀಳುವುದಿಲ್ಲ. ಎಣಿಕೆಯ ಪಕ್ಕದಲ್ಲಿ "ಪೀಸ್" ಅನ್ನುವುದನ್ನೂ ಎಲ್ಲೂ ಬಿಡುವುದಿಲ್ಲ. "ಹ್ಯಾಂಡಲ್ 6" ಎಂದಷ್ಟೇ ಇದ್ದರೆ ಆರು ಇಂಚೋ, ಆರು ಹ್ಯಾಂಡಲೋ ಹೇಗೆ ಗೊತ್ತಾಗಬೇಕು? ಫೋಟೋದಲ್ಲೂ ಪ್ಯಾಕಿನಲ್ಲಿ ಎಷ್ಟಿದೆಯೋ ಅಷ್ಟೇ ಪೀಸ್ ಇಡುತ್ತಿದ್ದೇವೆ.

"ಸೆಟ್" ಅಂತ ಬರೆದು ಸುಮ್ಮನಾಗುವುದನ್ನು ಪೂರ್ತಿ ಬಿಟ್ಟಿದ್ದೇವೆ. ಚಾನೆಲಿನಲ್ಲಿ ಸೆಟ್ ಅಂದರೆ ಎಡಗಡೆಯದೊಂದು, ಬಲಗಡೆಯದೊಂದು. ಒಂದು ಡ್ರಾಯರಿಗೆ ಅಷ್ಟೇ ಬೇಕು. ಆದರೆ ಸೆಟ್ ಎಂದರೆ ಸ್ಕ್ರೂ ಸೇರಿದೆ ಎಂದುಕೊಳ್ಳುವವರೂ ಇದ್ದಾರೆ. ಆದ್ದರಿಂದ "2 ಪೀಸ್ (1 ಡ್ರಾಯರಿಗೆ) – ಟೆಲಿಸ್ಕೋಪಿಕ್ ಚಾನೆಲ್, 18 ಇಂಚು, ಸ್ಕ್ರೂ ಇಲ್ಲ" ಎಂದು ಬಿಡಿಸಿ ಬರೆಯುತ್ತೇವೆ. ಮೂರು ಡ್ರಾಯರ್ ಇದ್ದರೆ ಮೂರು ಎಂದು ಒತ್ತಿ. ಕಾರ್ಟಿನಲ್ಲಿ "ಒಟ್ಟು 6 ಪೀಸ್" ಎಂದು ಬರುತ್ತದೆ, ಬಿಲ್ಲಿನಲ್ಲೂ ಅದೇ ಇರುತ್ತದೆ. ಹಣ ಕಟ್ಟುವ ಮೊದಲು ಈ ಸಾಲನ್ನೊಮ್ಮೆ ನೋಡಿ.

ಜೊತೆಯಲ್ಲೇ ಮಾರಿದರೆ ಮೂರು ಹಿಂಜಿನ ಒಂಟಿ ಬಾಗಿಲಿನವರಿಗೆ ಒಂದು ಸುಮ್ಮನೆ ಉಳಿಯುತ್ತದೆ. ಅಂಥವರಿಗೆ "1 ಪೀಸ್" ಹಿಂಜನ್ನೂ ಬೇರೆಯಾಗಿ ಇಟ್ಟಿದ್ದೇವೆ. ಒಂದು ಜೊತೆ, ಒಂದು ಒಂಟಿ ಸೇರಿ ₹360. ಒಂಟಿ ಕೊಂಡರೆ ಬೆಲೆ ಹೆಚ್ಚಿಲ್ಲ.

ಬೇರೆ ಅಂಗಡಿಯ ಬೆಲೆಯ ಜೊತೆ ಹೋಲಿಸುವಾಗ ಒಂದು ಪೀಸಿನ ಬೆಲೆಯನ್ನೇ ಹೋಲಿಸಿ. ಅಲ್ಲಿ ₹130 ಎಂದಿದ್ದರೆ ಅಗ್ಗವೆಂದು ಕಾಣುತ್ತದೆ, ಅದು ಒಂದೇ ಹಿಂಜಿನ ಬೆಲೆಯಾಗಿದ್ದರೆ ನಮ್ಮದಕ್ಕಿಂತ ₹10 ಹೆಚ್ಚು. ಹೆಸರಿನಲ್ಲಿ ಎಣಿಕೆ ಇಲ್ಲದಿದ್ದರೆ ವಿವರದಲ್ಲಿ ನಿವ್ವಳ ಪ್ರಮಾಣ ನೋಡಿ. ಪ್ಯಾಕ್ ಮಾಡಿ ಮಾರುವ ಸಾಮಾನಿನ ಮೇಲೆ ಅದನ್ನು ಮುದ್ರಿಸಬೇಕೆಂದು 2011ರ ಪೊಟ್ಟಣ ಸಾಮಗ್ರಿ ನಿಯಮಗಳೇ ಹೇಳುತ್ತವೆ. ಎಣಿಸಿ ಮಾರುವುದಕ್ಕೆ ಅದು ಸಂಖ್ಯೆಯಲ್ಲಿರುತ್ತದೆ. ಎಂ.ಆರ್‌.ಪಿ. ಇರುವುದು ಆ ಇಡೀ ಪ್ಯಾಕಿಗೆ.

ಸ್ಕ್ರೂ ಮತ್ತು ಬಿಡಿಭಾಗಗಳ ಹೆಸರು ಬದಲಾಯಿಸುವುದು ಇನ್ನೂ ಬಾಕಿ ಇದೆ. ಅಲ್ಲಿಯವರೆಗೆ ಅನುಮಾನ ಬಂದರೆ ಆರ್ಡರ್ ಹಾಕುವ ಮೊದಲು ಫೋನ್ ಮಾಡಿ, ಡಬ್ಬಿ ನೋಡಿಯೇ ಹೇಳುತ್ತೇವೆ. ಹಳೆಯ ಹೆಸರು ನೋಡಿ ಹೆಚ್ಚು ತರಿಸಿಕೊಂಡಿದ್ದರೆ, ಸೀಲ್ ಒಡೆಯದ ಪ್ಯಾಕನ್ನು ಬಿಲ್ಲಿನ ಜೊತೆ ಕೌಂಟರಿಗೆ ತನ್ನಿ, ಪೂರ್ತಿ ಹಣ ವಾಪಸ್ ಕೊಡುತ್ತೇವೆ.

ವಿಶ್ವಾಸವಿರಲಿ,
ಅಂಗಡಿಯ ಪರವಾಗಿ
ಬೆಂಗಳೂರು